ಸೋಮವಾರದ ಚೋಮ

ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನಿಗೆ ಐವರು ಮಕ್ಕಳು: ಚನಿಯ, ಗುರುವ, ಕಾಳ, ನೀಲ, ಮತ್ತೆ ಒಬ್ಬಳೇ ಮಗಳು ಬೆಳ್ಳಿ. ಕಾದಂಬರಿ ಬಂದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಬಂದಮೇಲೆ ಪುಸ್ತಕ ಓದದವರಿಗೂ ಈ ಹೆಸರುಗಳು ಪರಿಚಯ. ಆದರೂ ಘಟ್ಟದ ಮೇಲಿನ ನಮ್ಮಂಥವರ ಕಿವಿಗೆ ಇವು ಬರೀ ಹಳೇ ಕಾಲದ ಹಳ್ಳಿ ಹೆಸರುಗಳು. ಪುತ್ತೂರು ಕಡೆಯ ಗೆಳೆಯರೊಬ್ಬರು ಒಮ್ಮೆ ಬೆರಳು ಮಡಚುತ್ತಾ ಎಣಿಸಿದರು. ಭಾನುವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ ಇಲ್ಲವೇ ಚನಿಯ. ತುಳುನಾಡಿನ ಬಾಯಲ್ಲಿ ‘ಸ’ ಮತ್ತು ‘ಶ’ಗಳು ಎಷ್ಟೋ ಕಡೆ ‘ಚ’ ಅಥವಾ ‘ತ’ ಆಗುತ್ತವೆ. ಸೋಮ ಚೋಮನಾಗುವುದೂ ಶನಿ ಚನಿಯನಾಗುವುದೂ ಹೀಗೆ.

ಇದು ತಿಳಿದ ಮೇಲೆ ಆ ಗುಡಿಸಲಿನ ಹೆಸರುಗಳು ಬೇರೆಯಾಗಿಯೇ ಕೇಳಿಸತೊಡಗಿದವು. ಅಪ್ಪ ಸೋಮವಾರ, ಒಬ್ಬ ಮಗ ಶನಿವಾರ, ಇನ್ನೊಬ್ಬ ಗುರುವಾರ. ಕಾಳ, ನೀಲ ಮೈಬಣ್ಣದಿಂದ ಬಂದಿರಬಹುದು. ಬೆಳ್ಳಿ ಲೋಹವೂ ಹೌದು, ನಸುಕಿನ ನಕ್ಷತ್ರವೂ ಹೌದು. ಅದನ್ನು ಎಳೆದು ಶುಕ್ರವಾರಕ್ಕೆ ಕಟ್ಟುವ ಆಸೆ ನನಗೆ ಇಲ್ಲ. ಹೆಸರಿನ ಅರ್ಥ ಹುಡುಕಲು ಹೊರಟವರಿಗೆ ಎಲ್ಲ ಹೆಸರಲ್ಲೂ ಏನಾದರೊಂದು ಸಿಕ್ಕೇ ಸಿಗುತ್ತದೆ, ಅಲ್ಲಿಯೇ ಎಚ್ಚರ ಬೇಕು.

ಹಾಗೆಂದು ವಾರದ ಹೆಸರು ಮಾರಿಹೊಲೆಯರ ಮನೆಯ ಸೊತ್ತು ಎಂದು ತಿಳಿಯುವುದೂ ಸರಿಯಲ್ಲ. ದಕ್ಷಿಣ ಕನ್ನಡದಲ್ಲಿ ಐತಪ್ಪ ಶೆಟ್ಟರು, ಐತಪ್ಪ ರೈಗಳು ಬೇಕಾದಷ್ಟಿದ್ದಾರೆ. ಗುರುವಪ್ಪ, ಸೋಮಪ್ಪ ಎಂಬ ಹೆಸರುಗಳೂ ಇವೆ. ದಿನ ಎಲ್ಲರಿಗೂ ಒಂದೇ, ಅದರ ಮುಂದೆ ಏನು ಸೇರುತ್ತದೆ ಎಂಬುದರಲ್ಲಿ ಜಾತಿ ಇದೆ. ಐತನಿಗೆ ‘ಅಪ್ಪ’ ಸೇರಿದರೆ ಜಗಲಿಯಲ್ಲಿ ಕೂರಬಹುದು, ‘ಶೆಟ್ಟಿ’ಯೋ ‘ರೈ’ಯೋ ಸೇರಿದರೆ ಗದ್ದೆಯ ಒಡೆಯನೂ ಆಗಬಹುದು. ಏನೂ ಸೇರದಿದ್ದರೆ ಅಂಗಳದಾಚೆ. ಚೋಮನ ಧಣಿಯ ಹೆಸರನ್ನೇ ಬಿಡಿಸಿ ನೋಡಿ: ಸಂಕಪ್ಪಯ್ಯ. ಸಂಕನಿಗೆ ಒಂದು ‘ಅಪ್ಪ’, ಅದರ ಮೇಲೆ ಇನ್ನೊಂದು ‘ಅಯ್ಯ’. ಇವರು ಎರಡು ಸಲ ಹಿರಿಯರಾದರೆ, ವಯಸ್ಸಾದ ಚೋಮ ಒಂದು ಸಲವೂ ಹಿರಿಯನಲ್ಲ. ಊರಿನ ಚಿಕ್ಕ ಹುಡುಗನಿಗೂ ಅವನು ಬರೀ ಚೋಮ.

ಜಕ್ಕೂರಿನ ನಮ್ಮ ಮನೆಯಲ್ಲಿ ಕೆಲವು ಭಾನುವಾರ ನಾಲ್ಕೈದು ಜನ ಕಾಲೇಜು ಹುಡುಗರು ಸೇರಿ ಕಾದಂಬರಿ ಓದುತ್ತಾರೆ. ಈ ಮಾತು ಬಂದ ದಿನ ಅವರಲ್ಲೊಬ್ಬ, ಇದೇ ಊರಿನ ಹಳೇ ಕೇರಿಯವನು, ಫೋನಿನಲ್ಲಿ ಒಂದು ಹಳೇ ಪಹಣಿಯ ಚಿತ್ರ ತೋರಿಸಿದ. ಅದರಲ್ಲಿ ಅವನ ಅಜ್ಜನ ಹೆಸರು ‘ಮುನಿಗ ಬಿನ್ ದೊಡ್ಡಮುನಿಗ’ ಎಂದಿತ್ತು. ಅಕ್ಕಪಕ್ಕದ ಸರ್ವೆ ನಂಬರಿನವರೆಲ್ಲ ಮುನಿಯಪ್ಪ, ಪಿಳ್ಳಪ್ಪ, ಕೆಂಪಣ್ಣ. ಅಜ್ಜ ಕಾರ್ಖಾನೆ ಕೆಲಸಕ್ಕೆ ಸೇರುವಾಗ ತಾನೇ ‘ಮುನಿಯಪ್ಪ’ ಎಂದು ಬರೆಸಿದರಂತೆ. ಈಗ ಜಾಗದ ಬೆಲೆ ಏರಿದೆ, ಕಾಗದ ಸರಿಮಾಡಿಸಬೇಕು. ‘ಮುನಿಗ ಮತ್ತು ಮುನಿಯಪ್ಪ ಎಂಬ ಎರಡೂ ಹೆಸರು ಒಬ್ಬನದೇ’ ಎಂದು ಮನೆಯವರು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸುತ್ತಿದ್ದಾರೆ. “ಒಂದು ‘ಯಪ್ಪ’ಕ್ಕೆ ನೋಟರಿ ಬೇಕಾಯ್ತು ಸಾರ್” ಎಂದು ಹುಡುಗ ನಕ್ಕ. ಉಳಿದವರು ನಗಲಿಲ್ಲ.

ಅವತ್ತು ನಾವೊಂದು ಪ್ರಯೋಗ ಮಾಡಿದೆವು. ಚೋಮ ಒಡೆಯನ ಮನೆಗೆ ಹೋಗುವ ಸಂದರ್ಭವನ್ನು ನಮ್ಮದೇ ಮಾತಿನಲ್ಲಿ ಬರೆದು, ಹೆಸರು ಮತ್ತು ಕ್ರಿಯಾಪದ ಮಾತ್ರ ಬದಲಿಸುವುದು. ‘ಚೋಮ ಅಂಗಳದ ಹೊರಗೆ ನಿಂತ’ ಎಂದರೆ ಯಾರಿಗೂ ಏನೂ ಅನಿಸುವುದಿಲ್ಲ. ‘ಚೋಮಯ್ಯನವರು ಅಂಗಳದ ಹೊರಗೆ ನಿಂತರು’ ಎಂದ ಕೂಡಲೇ ಕೇಳುವವರು ತಲೆ ಎತ್ತುತ್ತಾರೆ: ಯಾಕೆ ಹೊರಗೆ? ಯಾರು ನಿಲ್ಲಿಸಿದರು? ಮೊದಲ ವಾಕ್ಯದಲ್ಲಿ ಆ ಪ್ರಶ್ನೆ ಏಳದಂತೆ ಮಾಡಿದ್ದು ಒಂದು ಬರಿಯ ಹೆಸರು ಮತ್ತು ‘ನಿಂತ’ ಎಂಬ ಏಕವಚನ. ಚೋಮನಿಗಾಗಿ ಮರುಗುತ್ತಲೇ ಕಾರಂತರ ನಿರೂಪಣೆಯೂ ಅವನನ್ನು ಏಕವಚನದಲ್ಲೇ ಕರೆಯುತ್ತದೆ. ಇದನ್ನು ಲೇಖಕರ ತಪ್ಪೆಂದು ನಾನು ಎಣಿಸುವುದಿಲ್ಲ. ಕನ್ನಡದಲ್ಲಿ ಕತೆ ಹೇಳುವವನು ‘ಬಂದ’ ಅಥವಾ ‘ಬಂದರು’ ಎರಡರಲ್ಲಿ ಒಂದನ್ನು ಆರಿಸಲೇಬೇಕು, ನಡುವೆ ನಿಲ್ಲಲು ಜಾಗವಿಲ್ಲ. ತುಳುವಿನಲ್ಲೂ ‘ಈ’, ‘ಈರ್’ ಎಂಬ ಎರಡು ‘ನೀನು’ಗಳಿವೆ. ಯು.ಆರ್. ಕಲ್ಕೂರರು ಇಂಗ್ಲಿಷಿಗೆ ತಂದ ‘ಚೋಮಾಸ್ ಡ್ರಮ್’ನಲ್ಲಿ ಧಣಿಗೂ ಆಳಿಗೂ ಒಂದೇ ‘ಹಿ’, ಒಂದೇ ‘ಯೂ’. ಅನುವಾದಕರ ಕೈಯಲ್ಲಿ ಅದಕ್ಕೆ ಮದ್ದಿಲ್ಲ. ಇಂಗ್ಲಿಷಿನಲ್ಲಿ ಓದಿದವರಿಗೆ ಅನ್ಯಾಯ ಘಟನೆಗಳಲ್ಲಿ ಮಾತ್ರ ಕಾಣುತ್ತದೆ, ಪ್ರತಿ ವಾಕ್ಯದ ಬಾಲದಲ್ಲಿ ಕಾಣುವುದಿಲ್ಲ.

ಈ ವಾರದ ಹೆಸರುಗಳು ಘಟ್ಟ ಹತ್ತಿ ಮಲೆನಾಡಿಗೂ ಬಂದಿವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಐತ, ಪೀಂಚಲುವಿನ ಗಂಡ, ಘಟ್ಟದ ಕೆಳಗಿನಿಂದ ಬಂದ ಆಳು. ಅವನ ಜೊತೆಯ ಪಿಜಿಣನ ಹೆಸರು ಕೇಳಿದರೆ ತುಳುವರಿಗೆ ನೆನಪಾಗುವುದು ಇರುವೆ. ಆ ಕಾದಂಬರಿಯಲ್ಲಿ ನನಗೆ ಹೆಚ್ಚು ಕಾಡುವುದು ನಾಯಿಗುತ್ತಿ. ಸದಾ ನಾಯಿಯೊಂದಿಗೆ ತಿರುಗುವುದರಿಂದ ಊರು ಗುತ್ತಿಗೆ ‘ನಾಯಿ’ ಅಂಟಿಸಿತು. ಗುತ್ತಿ ತನ್ನ ನಾಯಿಗೆ ಇಟ್ಟುಕೊಂಡ ಹೆಸರು ಹುಲಿಯ.

ಮತ್ತೆ ‘ಚೋಮನ ದುಡಿ’ಗೆ ಬಂದರೆ, ಅಲ್ಲಿ ಮೂರನೆಯ ಬಗೆಯ ಹೆಸರುಗಳೂ ಇವೆ. ಕಾಫಿತೋಟದ ಒಡೆಯ ಮಿಂಗೇಲ, ಅಲ್ಲಿನ ರೈಟರ್ ಮನ್ವೇಲ. ಪೋರ್ಚುಗೀಸರ ಮಿಗೆಲ್, ಮ್ಯಾನುಯೆಲ್‌ಗಳು ಕರಾವಳಿಯ ಬಾಯಲ್ಲಿ ಉರುಳಿ ಹೀಗಾದವು. ಇವು ವಾರದಿಂದ ಬಂದವಲ್ಲ, ‘ಅಯ್ಯ’ ಹೊತ್ತವೂ ಅಲ್ಲ, ಇಗರ್ಜಿಯಿಂದ ಬಂದವು. ಊರಿನ ಅಳತೆಗೋಲು ಈ ಹೆಸರುಗಳ ಮೇಲೆ ಓಡುವುದಿಲ್ಲ. ಸಾಲ ತೀರಿಸಲು ತೋಟಕ್ಕೆ ಹೋದ ಗುರುವ ಆ ಕಡೆಯೇ ಸೇರಿಬಿಡುವುದಕ್ಕೆ ಪ್ರೀತಿಯ ಜೊತೆ ಇದೂ ಕಾರಣವಿರಬೇಕು. ಆದರೆ ಆ ದಾರಿಯ ಹೆಸರೂ ಶುದ್ಧವಲ್ಲ, ಬೆಳ್ಳಿಯನ್ನು ಬಳಸಿಕೊಳ್ಳುವವನು ಇದೇ ಮನ್ವೇಲ.

ಉಳಲು ಭೂಮಿ ಸಿಗಬಹುದೆಂದು ಚೋಮನೂ ಒಂದು ದಿನ ಇಗರ್ಜಿಯ ಕಡೆ ಹೊರಡುತ್ತಾನೆ. ಅಲ್ಲಿ ಅವನಿಗೆ ಇನ್ನೊಂದು ಹೆಸರು ಸಿಗುತ್ತಿತ್ತು. ದಾರಿಯಲ್ಲಿ ಪಂಜುರ್ಲಿಯ ಗುಡಿ ಕಂಡು ಅವನ ಕಾಲು ನಿಲ್ಲುತ್ತದೆ, ಹಿಂದಿರುಗುತ್ತಾನೆ. ಊರು ಅವನ ಹೆಸರಿಗೆ ಸೇರಿಸದ ‘ಅಪ್ಪ’ ಅವನಿಗೆ ದಕ್ಕಿದ್ದು ಮಕ್ಕಳ ಬಾಯಲ್ಲಿ. ಚನಿಯ ಜ್ವರದಲ್ಲಿ ಹೋದ. ಗುರುವ ತೋಟದಲ್ಲೇ ಉಳಿದ. ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಲು ಹಿಂಜರಿದರು. ಬೆಳ್ಳಿಯನ್ನು ಅವನೇ ಮನೆಯಿಂದ ಹೊರಗಟ್ಟಿದ. ಎತ್ತುಗಳನ್ನೂ ಅಟ್ಟಿ, ಬಾಗಿಲು ಹಾಕಿಕೊಂಡು ಅವನು ದುಡಿ ಬಾರಿಸಲು ಕೂತ ಆ ಕೊನೆಯ ರಾತ್ರಿ, ಒಳಗೆ ಅವನನ್ನು ಯಾವ ಹೆಸರಿನಿಂದಲೂ ಕರೆಯುವವರು ಇರಲಿಲ್ಲ.