ಸಾಲಿನ ಪಕ್ಕದ ಪೆನ್ಸಿಲ್ ಗುರುತು

ಕವಿತೆಯನ್ನು ಮೆಚ್ಚುವಾಗ ಇಂಥ ಸಾಲು, ಇಂಥ ಪದ ಎಂದು ಎತ್ತಿ ಹೇಳುವ ರೂಢಿ ಕನ್ನಡದಲ್ಲಿ ಹಳೆಯದು. 9ನೆಯ ಶತಮಾನದ ಕವಿರಾಜಮಾರ್ಗ ದೋಷವಿರುವ ಪದ್ಯವನ್ನು ಮೊದಲು ಕೊಟ್ಟು, ಆಮೇಲೆ ಅದನ್ನೇ ತಿದ್ದಿ ತೋರಿಸುತ್ತದೆ. ಎಲ್ಲಿ ಕೆಟ್ಟಿತ್ತು ಎಂಬುದು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ತಾನಾಗಿಯೇ ತಿಳಿಯುತ್ತದೆ. ಆ ರೂಢಿ ಇಂದಿಗೂ ಇದೆ. ಓದುವವನ ಪೆನ್ಸಿಲ್ ಯಾವ ಪದದ ಕೆಳಗೆ ನಿಲ್ಲುತ್ತದೆ ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಅದನ್ನು ಕಾಣಲು ಉದಾಹರಣೆಗೆಂದೇ ಕಟ್ಟಿದ ಆರು ಸಾಲು ಸಾಕು:

ಅಂಗಳದ ಹಗ್ಗದಲ್ಲಿ ಅಪ್ಪನ ಅಂಗಿ
ಒಣಗುತ್ತಿದೆ ಮೂರನೆಯ ದಿನ.
ಗಾಳಿ ಬಂದಾಗ ತೋಳು ಎತ್ತಿ
ಯಾರನ್ನೋ ಕರೆಯುತ್ತದೆ.
ಅಮ್ಮ ಅದನ್ನು ಮಡಚುವುದಿಲ್ಲ.
ನೆನಪುಗಳ ಸಾಗರದಲ್ಲಿ ಮುಳುಗಿದೆ ಮನಸ್ಸು.

ಹಳೆಯ ಕಾಲದ ಪಂಡಿತರು ಇದನ್ನು ಪದ್ಯವೆಂದು ಒಪ್ಪುತ್ತಿರಲಿಲ್ಲ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಪ್ರಾಸದ ನಿಯಮ. ಇಲ್ಲಿ ‘ಅಂಗಳ’, ‘ಒಣಗು’, ‘ಗಾಳಿ’ ಒಂದಕ್ಕೊಂದು ಹೊಂದುವುದಿಲ್ಲ. ಆ ಪ್ರಾಸವನ್ನು ಮಂಜೇಶ್ವರದ ಗೋವಿಂದ ಪೈ 1911ರ ಸುಮಾರಿಗೆ ಬಿಟ್ಟುಕೊಟ್ಟರು. 1926ರಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದಮೇಲೆ ಹೊಸ ಲಯಗಳಿಗೆ ದಾರಿ ಇನ್ನಷ್ಟು ಅಗಲವಾಯಿತು. ಪ್ರಾಸ ಹೋದರೂ ಮಾತ್ರೆ ಎಣಿಸುವ ಕಿವಿ ಹೋಗಲಿಲ್ಲ. ನವೋದಯದ ಲಯದಲ್ಲಿ ಪಳಗಿದ ಓದುಗನು ಮೊದಲ ಸಾಲಿನ ‘ಹಗ್ಗದಲ್ಲಿ’ ಎಂಬಲ್ಲಿ ನಿಲ್ಲುತ್ತಾನೆ. ‘ಅಂಗಳದ’ ಐದು ಮಾತ್ರೆ, ‘ಹಗ್ಗದಲ್ಲಿ’ ಆರು. ‘ಹಗ್ಗದಲಿ’ ಎಂದು ಒಂದು ಒತ್ತಕ್ಷರ ಇಳಿಸಿದರೆ ಐದಕ್ಕೆ ಐದು ಸರಿಹೋಗುತ್ತದೆ, ಸಾಲು ಹಾಡತೊಡಗುತ್ತದೆ. ಆ ತಲೆಮಾರಿನ ಹಿರಿಯರು ಕಿರಿಯರ ಕವಿತೆಗೆ ಮಾಡುತ್ತಿದ್ದ ತಿದ್ದುಪಡಿಗಳಲ್ಲಿ ಹೆಚ್ಚಿನವು ಇಂಥವೇ.

ನವ್ಯದವರಿಗೆ ಇದೇ ತಿದ್ದುಪಡಿ ತಪ್ಪಾಗಿ ಕಂಡಿತು. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ 1954ರಲ್ಲಿ ಬಂತು. ಮುಂದಿನ ದಶಕದಲ್ಲಿ ಅವರೇ ನಡೆಸಿದ ‘ಸಾಕ್ಷಿ’ ಪತ್ರಿಕೆಯ ಕಾಲಕ್ಕೆ, ಕವಿತೆ ಮಾತಿನ ಲಯಕ್ಕೆ ಹತ್ತಿರವಿರಬೇಕು, ಒಂದು ಪದವೂ ಸುಮ್ಮನೆ ಕೂತಿರಬಾರದು ಎಂಬ ಓದು ಬಲವಾಯಿತು. ಸಾವಿನ ಮನೆಯ ಅಂಗಿಯನ್ನು ‘ಹಗ್ಗದಲಿ’ ಎಂದು ತೂಗಿಸಿದರೆ ಜೋಗುಳವಾಗುತ್ತದೆ ಎಂದು ಅವರು ಹೇಳಿಯಾರು. ಆ ಮಾತು ಸರಿ. ಆದರೆ ಮನೆಗಳಲ್ಲಿ ಬಟ್ಟೆ ಒಣಗುವುದು ‘ಹಗ್ಗದ ಮೇಲೆ’. ಮಾತಿನ ಲಯವೇ ಬೇಕೆಂದಾದರೆ ಆ ರೂಪವೇ ಮೇಲು.

ಇಂಥ ಮಾತುಗಳು ಹೆಚ್ಚಾಗಿ ಅಚ್ಚಿನಲ್ಲಿ ಸಿಗುವುದಿಲ್ಲ. ಅವು ನಡೆಯುತ್ತಿದ್ದುದು ಊರಿನ ಯಾರದೋ ಮನೆಯ ಪಡಸಾಲೆಯಲ್ಲಿ, ಐದಾರು ಜನ ಸೇರಿದ ಭಾನುವಾರದ ಸಂಜೆಗಳಲ್ಲಿ. ಕವಿತೆಯನ್ನು ಎರಡು ಸಲ ಓದುವುದು ಪದ್ಧತಿ: ಮೊದಲನೆಯದು ಬರೀ ಕೇಳುವುದಕ್ಕೆ, ಎರಡನೆಯದು ಹಿಡಿಯುವುದಕ್ಕೆ. ನಡುವೆ ಯಾರಾದರೂ ‘ಆ ಸಾಲು ಇನ್ನೊಂದು ಸಲ ಓದಿ’ ಅಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. ದೂರದ ಊರಿನವರು ಅಂಚೆ ಕಾರ್ಡು ಬರೆಯುತ್ತಿದ್ದರು. ಕಾರ್ಡಿನಲ್ಲಿ ಜಾಗ ಕಡಿಮೆ, ಇಡೀ ಕವಿತೆಯ ಬಗ್ಗೆ ಬರೆಯಲಾಗದು. ಹಾಗಾಗಿ ಒಂದೇ ಸಾಲನ್ನು ಆರಿಸಿ, ಅದನ್ನು ಕೈಯಾರೆ ನಕಲು ಮಾಡಿ, ಕೆಳಗೆ ನಾಲ್ಕು ಮಾತು ಬರೆಯುತ್ತಿದ್ದರು. ಹೀಗೆ ನಕಲು ಮಾಡುವುದರಿಂದ ಆಗುತ್ತಿದ್ದ ಲಾಭ ದೊಡ್ಡದು. ಕಣ್ಣು ಹಾರಿಸಿಕೊಂಡು ಹೋದ ಪದವನ್ನು ಕೈ ತಡೆದು ನಿಲ್ಲಿಸುತ್ತದೆ.

ಮೇಲಿನ ಕವಿತೆಯನ್ನು ಹಾಗೆ ನಕಲು ಮಾಡುವವನು ಎರಡನೆಯ ಸಾಲಿನಲ್ಲಿ ಎಡವುತ್ತಾನೆ. ಮಾತಿನ ಸಹಜ ಕ್ರಮ ‘ಮೂರನೆಯ ದಿನ ಒಣಗುತ್ತಿದೆ’ ಎಂದು. ಕವಿ ಕ್ರಿಯಾಪದವನ್ನು ಮುಂದಕ್ಕೆ ತಂದು ದಿನದ ಲೆಕ್ಕವನ್ನು ಕೊನೆಗೆ ಇಟ್ಟಿದ್ದಾನೆ. ಅಂಗಿ ಒಣಗಲು ಒಂದು ಬಿಸಿಲು ಸಾಕು, ಮೂರು ದಿನ ಯಾಕೆ? ಆ ಪ್ರಶ್ನೆ ಏಳುವ ಜಾಗದಲ್ಲೇ ಸಾಲು ಮುಗಿಯುತ್ತದೆ. ಮೂರನೆಯ ದಿನಕ್ಕೆ ಹಾಲು ತುಪ್ಪ ಬಿಡುವ ಮನೆಗಳವರಿಗೆ ಉತ್ತರವೂ ಅಲ್ಲೇ ಸಿಗುತ್ತದೆ. ಸಾವು ಎಂಬ ಪದ ಎಲ್ಲಿಯೂ ಬಂದಿಲ್ಲ. ಈ ಸಾಲನ್ನು ಮೆಚ್ಚುವವನು ‘ಮನ ಮುಟ್ಟಿತು’ ಎಂದು ಬರೆದರೆ ಕವಿಗೆ ಏನೂ ತಿಳಿಯದು. ‘ದಿನವನ್ನು ಕೊನೆಗೆ ಇಟ್ಟದ್ದರಿಂದ ಮುಟ್ಟಿತು’ ಎಂದರೆ, ಮುಂದಿನ ಕವಿತೆಗೂ ಒದಗುವ ಒಂದು ಉಪಾಯ ಅವನ ಕೈಗೆ ಸಿಗುತ್ತದೆ.

ನಾಲ್ಕನೆಯ ಸಾಲಿನ ಶಕ್ತಿ ಒಂದೇ ಅಕ್ಷರದಲ್ಲಿದೆ. ಅದು ‘ಯಾರನ್ನೋ’ ಎಂಬುದರ ಕೊನೆಯ ಓಕಾರ. ಆ ಪದವನ್ನೇ ತೆಗೆದು ‘ಅಮ್ಮನನ್ನು’ ಎಂದು ಹಾಕಿದರೆ ಅಂಗಿಗೆ ಜೀವ ಬಂದು ಕಥೆ ಅಗ್ಗವಾಗುತ್ತದೆ. ಓಕಾರ ಇರುವವರೆಗೆ ಅದು ಗಾಳಿಗೆ ಅಲ್ಲಾಡುವ ಬಟ್ಟೆಯೂ ಹೌದು, ಕರೆಯುವ ಮನುಷ್ಯನೂ ಹೌದು.

ಐದನೆಯ ಸಾಲಿನ ಬಗ್ಗೆ ಜಗಳವಾಗುವುದುಂಟು. ‘ಮಡಚಲಾರಳು’ ಎಂದಿರಬೇಕಿತ್ತು ಎನ್ನುವವರು ಸಿಕ್ಕೇ ಸಿಗುತ್ತಾರೆ. ಆ ರೂಪ ಅಮ್ಮನ ಅಸಹಾಯಕತೆಯನ್ನು ಹೇಳುತ್ತದೆ, ಓದುಗ ಏನನ್ನು ಅನುಭವಿಸಬೇಕೆಂದು ಮೊದಲೇ ತೋರಿಸಿಬಿಡುತ್ತದೆ. ‘ಮಡಚಲಿಲ್ಲ’ ಎಂದರೆ ಒಂದು ಹೊತ್ತಿನ ಸಂಗತಿ, ಮರೆತಿದ್ದರೂ ಮರೆತಿರಬಹುದು. ‘ಮಡಚುವುದಿಲ್ಲ’ ಎಂಬುದರಲ್ಲಿ ನಿರ್ಧಾರವಿದೆ, ನಾಳೆಯೂ ಹಾಗೆಯೇ ಎಂಬ ಸೂಚನೆಯಿದೆ. ಮೂರೂ ರೂಪಗಳನ್ನು ಗಟ್ಟಿಯಾಗಿ ಹೇಳಿ ನೋಡಿದರೆ ಕವಿ ಆರಿಸಿದ್ದೇ ಸರಿಯೆಂದು ಕಿವಿಯೇ ತೀರ್ಮಾನಿಸುತ್ತದೆ. ಪಡಸಾಲೆಯ ಓದಿನಲ್ಲಿ ಇಂಥ ವಾದಗಳು ಬೇಗ ಮುಗಿಯುತ್ತಿದ್ದುದು ಇದರಿಂದಲೇ.

ಈಗ ಕವಿತೆ ಬರುವುದು ಮೊಬೈಲಿಗೆ. ಉತ್ತರಕ್ಕೆ ವಾರ ಕಾಯಬೇಕಿಲ್ಲ, ಅದು ಸುಖವೇ. ಆದರೆ ಗಟ್ಟಿಯಾಗಿ ಓದುವವರು ಕಡಿಮೆ, ಸಾಲನ್ನು ನಕಲು ಮಾಡುವವರು ಇನ್ನೂ ಕಡಿಮೆ. ‘ಸೊಗಸಾಗಿದೆ ಸರ್’ ಎಂಬ ಮಾತು ಎಲ್ಲ ಕವಿತೆಗೂ ಹೊಂದುತ್ತದೆ, ಆದ್ದರಿಂದ ಯಾವ ಕವಿತೆಗೂ ಹೊಂದುವುದಿಲ್ಲ. ಚಿಕ್ಕ ಪರದೆ ತಂದಿಟ್ಟ ಒಂದು ಹೊಸ ತೊಡಕೂ ಇದೆ. ಮೊದಲ ಸಾಲು ಅಗಲ ಸಾಲದೆ ‘ಅಪ್ಪನ’ ಎಂಬಲ್ಲಿ ಮುರಿದು ‘ಅಂಗಿ’ ಒಂದೇ ಕೆಳಗಿಳಿದರೆ, ಓದುಗ ಅದನ್ನು ಕವಿಯ ಜಾಣ್ಮೆಯೆಂದು ಹೊಗಳಿಬಿಡುತ್ತಾನೆ. ಮೊಬೈಲನ್ನು ಅಡ್ಡ ಹಿಡಿದರೆ ಆ ಜಾಣ್ಮೆ ಮಾಯವಾಗುತ್ತದೆ. ಸಾಲು ಮುರಿದ ಬಗೆಯನ್ನು ಮೆಚ್ಚುವ ಮೊದಲು ಹಾಗೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮೆಚ್ಚುಗೆಯ ಜತೆ ಆಕ್ಷೇಪವಿದ್ದರೆ ಅದನ್ನು ಕೊನೆಗೆ, ಒಂದೇ ಸಾಲಿಗೆ ಕಟ್ಟಿಹಾಕಿ ಬರೆಯುವುದು ಕಾರ್ಡಿನ ಕಾಲದ ಮರ್ಯಾದೆ. ಇಲ್ಲಿ ಆ ಪಾಲು ಆರನೆಯ ಸಾಲಿನದು. ‘ನೆನಪುಗಳ ಸಾಗರ’ ಬಳಸಿ ಬಳಸಿ ಸವೆದ ನಾಣ್ಯ. ಅಂಗಳ, ಹಗ್ಗ, ಅಂಗಿ, ತೋಳು ಎಲ್ಲವೂ ಕಣ್ಣಿಗೆ ಕಾಣುವ ಕವಿತೆಯಲ್ಲಿ ಸಾಗರ ಎಲ್ಲಿಂದ ಬಂತೆಂದೂ ಗೊತ್ತಾಗುವುದಿಲ್ಲ. ಯಾರ ಮನಸ್ಸು ಎಂಬುದೂ ಸ್ಪಷ್ಟವಿಲ್ಲ. ಅಮ್ಮ ಮಡಚದೆ ಬಿಟ್ಟ ಅಂಗಿಯನ್ನು ಈ ಸಾಲು ಮಡಚಿ ಒಳಗಿಡುತ್ತದೆ. ಇದನ್ನು ಹೊಡೆದುಹಾಕಿದರೆ ಉಳಿಯುವುದು ಐದು ಸಾಲು. ಈ ಕವಿತೆಗೆ ಅಷ್ಟು ಸಾಕು.