ಮೊದಲ ಸಂಬಳ ಬರೋವರೆಗಿನ ನಲವತ್ತು ದಿನ

ಹೋದ ಜೂನ್ ಮೊದಲ ವಾರ ಚಿಕ್ಕಪ್ಪನ ಮಗಳು ಊರಿಂದ ಫೋನ್ ಮಾಡಿದ್ದಳು. ನಮ್ಮದು ಹಾವೇರಿ ಜಿಲ್ಲೆಯ ಸಣ್ಣ ಹಳ್ಳಿ. ಮನೆತನದಲ್ಲಿ ಎಂಜಿನಿಯರಿಂಗ್ ಮುಗಿಸಿದವರು ಮೊದಲು ನಾನು, ಈಗ ಅವಳು. ಬೆಂಗಳೂರಿಂದ ಎರಡು ಆಫರ್ ಲೆಟರ್ ಬಂದಿದ್ವು. ಒಂದು ವರ್ಷಕ್ಕೆ 4.2 ಲಕ್ಷ, ಇನ್ನೊಂದು 3.36 ಲಕ್ಷ.

"ಅಣ್ಣಾ, ಅಪ್ಪ ದೊಡ್ಡದು ಯಾವುದೈತಿ ಅದನ್ನ ಹಿಡಿ ಅಂತಾರ. ಇದರಾಗ ಕೇಳೂದೇನೈತಿ?"

ಕೇಳೋದು ಬಹಳ ಇತ್ತು. ಎರಡೂ ಲೆಟರ್‌ನ ಕೊನೇ ಪುಟ ಫೋಟೋ ತೆಗೆದು ಕಳಿಸು ಅಂದೆ. ಸಂಬಳದ ವಿವರದ ಪಟ್ಟಿ ಇರೋದು ಅಲ್ಲೇ. ಲೆಟರ್‌ನ ಮುಖಪುಟದಲ್ಲಿ ದೊಡ್ಡದಾಗಿ ಬರೆದಿರೋ ಸಿಟಿಸಿ ಅನ್ನೋದು ಕಂಪನಿ ನಮಗಾಗಿ ಮಾಡೋ ಒಟ್ಟು ಖರ್ಚು, ನಮ್ಮ ಕೈಗೆ ಬರೋ ದುಡ್ಡಲ್ಲ.

4.2 ಲಕ್ಷದ ಲೆಟರ್‌ನಲ್ಲಿ 60,000 ವೇರಿಯಬಲ್ ಪೇ. ವರ್ಷದ ಕೊನೆಗೆ, ಕಂಪನಿಗೂ ಮ್ಯಾನೇಜರ್‌ಗೂ ಮನಸ್ಸು ಬಂದರೆ ಸಿಗೋದು. ಕಂಪನಿ ಕಡೆಯ ಪಿಎಫ್ ತಿಂಗಳಿಗೆ 1,800ರಂತೆ 21,600. ಗ್ರಾಚ್ಯುಟಿ ಅಂತ 8,658, ವಿಮೆ ಅಂತ 9,742. ಇವಿಷ್ಟೇ ಸರಿಯಾಗಿ ಒಂದು ಲಕ್ಷ. ಉಳಿದ 3.2 ಲಕ್ಷವನ್ನ ಹನ್ನೆರಡು ತಿಂಗಳಿಗೆ ಹಂಚಿದ್ರೆ 26,667. ಅದರಲ್ಲಿ ನಮ್ಮ ಕಡೆಯ ಪಿಎಫ್ 1,800, ವೃತ್ತಿ ತೆರಿಗೆ 200 ಕಡಿತ. ಕೈಗೆ 24,667.

3.36 ಲಕ್ಷದ ಲೆಟರ್‌ನಲ್ಲಿ ವೇರಿಯಬಲ್ ಇರಲಿಲ್ಲ, ವಿಮೆಯನ್ನೂ ಲೆಕ್ಕಕ್ಕೆ ಸೇರಿಸಿರಲಿಲ್ಲ. ಅದೇ ಪಿಎಫ್, ಅದೇ ಗ್ರಾಚ್ಯುಟಿ ತೆಗೆದ್ರೆ ತಿಂಗಳಿಗೆ 25,478, ಕಡಿತ ಆಗಿ ಕೈಗೆ 23,478. ಇಷ್ಟು ಸಂಬಳಕ್ಕೆ ಎರಡರಲ್ಲೂ ಆದಾಯ ತೆರಿಗೆ ಬರಲ್ಲ. ಅಂದ್ರೆ ಕಾಗದದ ಮೇಲೆ 84,000 ರೂಪಾಯಿ ವ್ಯತ್ಯಾಸ, ತಿಂಗಳ ಕೊನೆಗೆ ಕೈಯಲ್ಲಿ 1,189 ರೂಪಾಯಿ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಷ್ಟೇನಾ?"

ದೊಡ್ಡ ಆಫರ್‌ಗೆ ಇನ್ನೊಂದು ಬಾಲವೂ ಇತ್ತು: ಎರಡು ವರ್ಷದ ಬಾಂಡ್. ಮಧ್ಯೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು, ಸೇರೋ ದಿನ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕಂಪನಿಗೆ ಒಪ್ಪಿಸಬೇಕು. ಬಾಂಡ್ ಇದ್ದ ಮಾತ್ರಕ್ಕೆ ಕೆಲಸ ಕೆಟ್ಟದ್ದು ಅಂತ ನಾನು ಹೇಳಲ್ಲ, ನಿಜವಾಗಿ ತರಬೇತಿ ಕೊಡೋ ಕಂಪನಿಗಳೂ ಬರೆಸಿಕೊಳ್ತಾವೆ. ನೋಡಬೇಕಾದ್ದು, ಎರಡು ವರ್ಷ ಸೇರಿದ ದಿನದಿಂದ ಎಣಿಕೆನಾ, ತರಬೇತಿ ಮುಗಿದ ಮೇಲಿಂದನಾ? ತಿಂಗಳು ಕಳೆದಂತೆ ಮೊತ್ತ ಇಳಿಯುತ್ತಾ, ಕೊನೇ ದಿನದವರೆಗೂ ಅಷ್ಟೇ ಇರುತ್ತಾ? ಇವಳ ಲೆಟರ್‌ನಲ್ಲಿ ಎರಡಕ್ಕೂ ಉತ್ತರ ಇರಲಿಲ್ಲ. ಇನ್ನು ಒರಿಜಿನಲ್ ಮಾರ್ಕ್ಸ್‌ಕಾರ್ಡ್. ತೋರಿಸಿ, ಪರಿಶೀಲಿಸಿದ ಮೇಲೆ ವಾಪಸ್ ಜೋಪಾನ ಮಾಡಿಕೋ, ಬಿಟ್ಟು ಬರಬೇಡ ಅಂದೆ. ಅದು ಅವರ ಬೀರುವಿನಲ್ಲಿ ಇರೋವರೆಗೆ ಇನ್ನೊಂದು ಕೆಲಸಕ್ಕೆ ಹೋಗೋಕೆ ಆಗಲ್ಲ. ಸೇರೋಕೆ ಮುಂಚೆ ಡೆಪಾಸಿಟ್ ಕಟ್ಟು, ಟ್ರೈನಿಂಗ್ ಫೀ ಕಟ್ಟು ಅಂತ ಯಾರಾದ್ರೂ ಕೇಳಿದ್ರೆ ಅದರ ಬಗ್ಗೆ ಯೋಚನೆ ಕೂಡ ಬೇಡ.

"ಆದ್ರ ಸಣ್ಣ ಕಂಪನಿ ಛಲೋ ಐತೋ ಇಲ್ಲೋ ಹೆಂಗ ಗೊತ್ತಾಗೂದು? ನನಗ ಅಲ್ಲಿ ಯಾರೂ ಗೊತ್ತಿಲ್ಲ."

ಇದು ನನಗೆ ಬಹಳ ತಡವಾಗಿ ಗೊತ್ತಾದ ವಿಷಯ. ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ `Establishment Search` ಅಂತ ಒಂದು ಪುಟ ಇದೆ. ಲಾಗಿನ್ ಬೇಡ. ಕಂಪನಿ ಹೆಸರು ಹಾಕಿದ್ರೆ ಯಾವ ತಿಂಗಳ ಪಿಎಫ್ ಯಾವಾಗ ಕಟ್ಟಿದ್ದಾರೆ, ಎಷ್ಟು ಜನ ನೌಕರರಿಗೆ ಕಟ್ಟಿದ್ದಾರೆ ಅಂತ ತೋರಿಸುತ್ತೆ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮೇಲಿಂದ ಮೇಲೆ ತಡ ಆಗಿದ್ರೆ, ಅಥವಾ ಆರು ತಿಂಗಳಲ್ಲಿ ನೌಕರರ ಸಂಖ್ಯೆ ಅರ್ಧ ಆಗಿದ್ರೆ, ಸಂಬಳವೂ ತಡ ಆಗೋ ಜಾಗ ಇರಬಹುದು. ಸಣ್ಣ ಕಂಪನಿಯದ್ದು ಪ್ರತಿ ತಿಂಗಳೂ ಹೊತ್ತಿಗೆ ಸರಿಯಾಗಿ ಕಟ್ಟಿತ್ತು.

ಆಮೇಲೆ ಲಿಂಕ್ಡ್‌ಇನ್‌ನಲ್ಲಿ ಅವಳ ಕಾಲೇಜಿನವರೇ ಆ ಕಂಪನಿಯಲ್ಲಿ ಇಬ್ಬರು ಸಿಕ್ಕರು. ಪರಿಚಯ ಇಲ್ಲದವರಿಗೆ "ಕಂಪನಿ ಹೇಗಿದೆ" ಅಂತ ಕೇಳಿದ್ರೆ "ಚೆನ್ನಾಗಿದೆ" ಅಂತ ಬರುತ್ತೆ, ಅಲ್ಲಿಗೆ ಮುಗೀತು. ಉತ್ತರ ಕೊಡೋಕೆ ಸುಲಭವಾದ ಪ್ರಶ್ನೆ ಕೇಳಬೇಕು. "ಹೋದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು?" ಒಬ್ಬರು ಅರ್ಧ ಗಂಟೆಯಲ್ಲೇ ಉತ್ತರಿಸಿದ್ರು: ಕೊನೇ ದಿನ, ಒಂದು ಸಲವೂ ತಪ್ಪಿಲ್ಲ. ದೊಡ್ಡ ಆಫರ್ ಕೊಟ್ಟ ಕಡೆ ಇದ್ದ ಸೀನಿಯರ್‌ಗೆ "ಹೋದ ವರ್ಷ ವೇರಿಯಬಲ್ ಎಷ್ಟು ಬಂತು?" ಅಂತ ಕೇಳಿದ್ದಕ್ಕೆ ನಗುವ ಇಮೋಜಿ ಬಂತು.

ಅವಳು ಸಣ್ಣದನ್ನೇ ಆರಿಸಿದಳು. ನನಗೆ ಚಿಂತೆ ಶುರುವಾಗಿದ್ದು ಆಮೇಲೆ.

ಸೇರೋ ದಿನಾಂಕ ಜೂನ್ 22 ಅಂತ ಇತ್ತು. 2017ರಲ್ಲಿ ನಾನೂ ಹೀಗೇ ತಿಂಗಳ 21ಕ್ಕೆ ಸೇರಿದ್ದೆ. ಜೇಬಿನಲ್ಲಿ 18,000 ಇತ್ತು, ತಿಂಗಳ ಕೊನೆಗೆ ಹತ್ತು ದಿನದ್ದಾದ್ರೂ ಸಂಬಳ ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಸಾಮಾನ್ಯವಾಗಿ ಕಂಪನಿಗಳು ಸಂಬಳದ ಲೆಕ್ಕವನ್ನ ತಿಂಗಳ ಮಧ್ಯೆ ಒಂದು ದಿನಕ್ಕೆ ಮುಚ್ಚಿಬಿಡ್ತಾವೆ. ಅದರ ನಂತರ ಸೇರಿದವರದ್ದು ಮುಂದಿನ ತಿಂಗಳ ಜೊತೆ ಸೇರಿ ಬರುತ್ತೆ. ನಲವತ್ತು ದಿನ! ಇಪ್ಪತ್ತಾರನೇ ದಿನಕ್ಕೆ ದುಡ್ಡು ಖಾಲಿಯಾಗಿ, ಪಿಜಿ ರೂಮ್‌ಮೇಟ್ ಹತ್ರ ಮೂರು ಸಾವಿರ ಕೇಳಿದ್ದೆ. ಹೆಸರು ಬಿಟ್ಟರೆ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ. ಮನೆಗೆ ಹೇಳಲಿಲ್ಲ.

ಅವಳ ಹತ್ರ 25,000 ಇತ್ತು. ಲೆಕ್ಕ ಹಾಕಿದ್ವಿ. ಪಿಜಿ ಬಾಡಿಗೆ 7,500, ಅಷ್ಟೇ ಡೆಪಾಸಿಟ್, 15,000. ಎರಡನೇ ತಿಂಗಳ ಬಾಡಿಗೆ ಸಂಬಳಕ್ಕಿಂತ ಮುಂಚೆಯೇ, 7,500. ನಲವತ್ತು ದಿನದ ಮಧ್ಯಾಹ್ನದ ಊಟ, ಫೋನು, ಸೋಪು ಇತ್ಯಾದಿಗೆ 5,000. ಪ್ರಯಾಣ, ಬಟ್ಟೆ, ಶೂ, ಜೆರಾಕ್ಸ್‌ಗೆ 4,500. ಒಟ್ಟು 32,000. ಬಸ್ ಖರ್ಚು ಹಾಕಲಿಲ್ಲ, ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಅವಳಿಗೆ ಉಚಿತ. (ನನ್ನ ಕಾಲಕ್ಕೆ ಪಾಸಿಗೆ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರೀತು.)

ಏಳು ಸಾವಿರ ಕಡಿಮೆ. "ಅಪ್ಪ ಬೀಜ-ಗೊಬ್ಬರಕ್ಕ ಇಟ್ಟಿದ್ದು ಕೊಡ್ತೇನಿ ಅಂತಾರ" ಅಂದಳು. ಜೂನ್, ಮೆಕ್ಕೆಜೋಳ ಬಿತ್ತೋ ಹೊತ್ತು. ಗೊಬ್ಬರದ ದುಡ್ಡು ಹೋದ್ರೆ ಅಂಗಡಿಯಲ್ಲಿ ಉದ್ರಿ, ಸುಗ್ಗಿಗೆ ಬಡ್ಡಿ ಸೇರಿಸಿ ಕಟ್ಟಬೇಕು. ಬೇಡ, ಎಚ್‌ಆರ್‌ಗೆ ಒಂದು ಮೇಲ್ ಹಾಕು ಅಂದೆ. ಸಂಬಳದ ಕಟ್‌ಆಫ್ ಯಾವ ತಾರೀಖು, ಜುಲೈ 1ಕ್ಕೆ ಸೇರಬಹುದಾ?

"ಹಂಗ ಕೇಳಿದ್ರ ಆಫರ್ ತಕ್ಕೋತಾರೇನೋ?" ಅವಳ ಧ್ವನಿ ಸಣ್ಣದಾಯ್ತು. ಆ ಹೆದರಿಕೆ ನನಗೂ ಇತ್ತು, ಅದಕ್ಕೇ 2017ರಲ್ಲಿ ಕೇಳಿರಲಿಲ್ಲ. ಒಂದು ವಾರ ಮುಂದೆ ಹಾಕಿ ಅನ್ನೋದು ಎಚ್‌ಆರ್‌ಗೆ ದಿನಾ ಬರೋ ಮಾತು. ಮೂರು ಸಾಲು ಬರೆದು, ನನಗೆ ತೋರಿಸಿ, ಕಳಿಸಿದಳು. ಮರುದಿನ ಉತ್ತರ: ಕಟ್‌ಆಫ್ 20, ಜುಲೈ 1ಕ್ಕೆ ಅಭ್ಯಂತರ ಇಲ್ಲ.

ಒಂಬತ್ತು ದಿನದ ಸಂಬಳ, ಸುಮಾರು ಏಳೂವರೆ ಸಾವಿರ, ಕಳಕೊಂಡಳು ನಿಜ. ಆದ್ರೆ ಅದು ಹೇಗೂ ಜುಲೈ ಕೊನೆಗೇ ಬರ್ತಿತ್ತು, ಅವಳಿಗೆ ಬೇಕಿದ್ದದ್ದು ಅದಕ್ಕಿಂತ ಮುಂಚೆ. ಬಾಡಿಗೆ ಪ್ರತಿ ತಿಂಗಳು 1ಕ್ಕೆ ಕೊಡ್ತೀನಿ ಅಂತ ಪಿಜಿಯವರ ಹತ್ರ ಮೊದಲೇ ಮಾತಾಡಿದಳು, ಹೀಗಾಗಿ ಎರಡನೇ ಬಾಡಿಗೆ ಸಂಬಳದ ಆಚೆಗೆ ಹೋಯ್ತು. ಊಟದ ಖರ್ಚೂ ಸಾವಿರ ಇಳೀತು. ಒಟ್ಟು 23,500.

ಜುಲೈ 31ರ ಸಂಜೆ ಬ್ಯಾಂಕ್ ಮೆಸೇಜಿನ ಸ್ಕ್ರೀನ್‌ಶಾಟ್ ಬಂತು, 23,478. ಕೆಳಗೆ ಒಂದು ಸಾಲು: "ಅಣ್ಣಾ, ಪಿಜಿ ಬಿಡುವಾಗ ಡೆಪಾಸಿಟ್‌ನಾಗ ಮೇಂಟೆನನ್ಸ್ ಅಂತ 1,500 ಮುರಕೋತಾರಂತ. ಇದನ್ನ ಯಾಕ ಹೇಳಲಿಲ್ಲ?"