ಸುಗ್ಗಿಗೆ ಇಂಗ್ಲಿಷ್‌ನಲ್ಲಿ ಏನನ್ನಬೇಕು?

ಸಕಲೇಶಪುರ
ಏಪ್ರಿಲ್, ಭಾನುವಾರ

ಪ್ರೀತಿಯ ಅಕ್ಕ,

ಆಲೂರು ದಾಟಿದ ಮೇಲೆ ದಾರಿಯುದ್ದಕ್ಕೂ ಕಾಫಿ ತೋಟ, ಮಧ್ಯೆ ಕೊಯ್ಲಾಗಿ ಒಣಗಿದ ಗದ್ದೆ. ನಾನು ಉಳಿದಿರುವ ಮನೆಯವರು ವಿದೇಶಿ ಅತಿಥಿಗಳಿಗೆ ಕೊಡುವ ಇಂಗ್ಲಿಷ್ ಹಾಳೆ ತಿದ್ದಿಕೊಡು ಅಂದರು. ಅದರಲ್ಲಿ ಸುಗ್ಗಿಗೆ ‘ಹಾರ್ವೆಸ್ಟ್ ಫೆಸ್ಟಿವಲ್’ ಅಂತಿತ್ತು. ಅಲ್ಲೇ ಪೆನ್ನು ನಿಂತಿತು. ಇಲ್ಲಿ ಭತ್ತದ ಕೊಯ್ಲು ಮುಗಿದು ತಿಂಗಳುಗಳೇ ಆದವು, ಸುಗ್ಗಿ ನಡೆಯುವುದು ಈಗ!

ಪಕ್ಕದ ಕೋಣೆಯಲ್ಲಿ ಇಟಲಿಯ ದಂಪತಿ ಇದ್ದಾರೆ. ತಮ್ಮ ‘ಪಸ್ಸೆಜ್ಜಾತಾ’ಕ್ಕೂ ಇದೇ ಪಾಡು ಎಂದರು. ಅದನ್ನು ‘ವಾಕ್’ ಅಂದುಬಿಟ್ಟರೆ ಸಂಜೆ, ಒಳ್ಳೆಯ ಬಟ್ಟೆ, ಊರ ಚೌಕ, ನಾಲ್ಕು ಜನರನ್ನು ನೋಡಿ ಮಾತಾಡಿಸುವುದು ಎಲ್ಲ ಬಿದ್ದುಹೋಗುತ್ತದೆ. ‘ಅಪೆರಿತೀವೊ’ವನ್ನು ‘ಡ್ರಿಂಕ್’ ಅಂದರೂ ಅಷ್ಟೇ. ರಾತ್ರಿ ಊಟಕ್ಕೆ ಮುಂಚೆ ಹಸಿವು ತೆರೆಯಲೆಂದು ಆಲಿವ್‌ನಂಥದ್ದು ಕಡಿಯುತ್ತಾ ಗೆಳೆಯರೊಡನೆ ಕೂತು ಕುಡಿಯುವ ಹೊತ್ತು ಅದು. ಇಂಥ ಪದವನ್ನು ಹಾಗೇ ಇಟ್ಟು, ಯಾರು, ಯಾವಾಗ, ಯಾಕೆ ಎಂಬುದನ್ನು ಬೆನ್ನಿಗೇ ಹೇಳಬೇಕು.

ಹಾಗಾಗಿ ಮನೆಯ ಯಜಮಾನರನ್ನು ಕೂರಿಸಿಕೊಂಡು ಕೇಳಿದೆ. ಅವರ ಊರಲ್ಲಿ ಮೊದಲು ‘ಸಾರು ಹಾಕುತ್ತಾರೆ’. ಅಲ್ಲಿಂದ ಹಬ್ಬ ಮುಗಿಯುವವರೆಗೆ ಯಾರ ಮನೆಯಲ್ಲೂ ಒಗ್ಗರಣೆಯ ಸದ್ದಿಲ್ಲ. ಕಟ್ಟುಪಾಡು ಊರಿಂದೂರಿಗೆ ಬೇರೆಯಂತೆ. ಕೊನೆಗೆ ಹೀಗೆ ಬರೆದೆ: ಸುಗ್ಗಿ, ಅಂದರೆ ಗದ್ದೆ ಕೆಲಸ ಮುಗಿದು ಮಳೆಗಾಲ ಹಿಡಿಯುವ ಮುಂಚೆ ಊರವರೆಲ್ಲ ಕಟ್ಟುಪಾಡು ಪಾಲಿಸಿ ಗ್ರಾಮದೇವರಿಗೆ ನಡೆಸುವ ಹಬ್ಬ. ಮುಂದಿನ ಸಾಲುಗಳಲ್ಲಿ ಬರೀ ‘ಸುಗ್ಗಿ’. ಪ್ರತಿ ಸಲವೂ ವಿವರಣೆ ಜೋಡಿಸಿದರೆ ಓದುವವರಿಗೆ ಬೇಸರ.

‘ಸಾರು’ ಮಾತ್ರ ಹಾಗೇ ಇಡಲಿಲ್ಲ. ಹಿಂದಿನ ಹಾಳೆ ಓದಿದ ಅತಿಥಿಯೊಬ್ಬರು ಅದನ್ನು ಊಟದ ಸಾರು ಎಂದುಕೊಂಡು ತಟ್ಟೆ ಹಿಡಿದು ಬಂದಿದ್ದರಂತೆ. ಇದು ಡಂಗುರ ಸಾರುವ ‘ಸಾರು’. ‘ಅನೌನ್ಸ್’ ಅಂದರೆ ಸಾಕು, ಏನೂ ನಷ್ಟವಿಲ್ಲ. ಕಾಫಿಯ ‘ಹೂಮಳೆ’ಗೂ ತೊಂದರೆಯಿಲ್ಲ. ಇಲ್ಲಿ ತೋಟ ಮಾಡಿದ ಇಂಗ್ಲಿಷರಿಗೂ ಆ ಮಳೆ ಬೇಕಿತ್ತು, ‘ಬ್ಲಾಸಮ್ ಶವರ್ಸ್’ ಅಂತ ಅವರ ಮಾತಲ್ಲೂ ಇದೆ.

ನೀನು ಕೇಳಬಹುದು, ಇದೇ ಹಾಸನದ ಬಾನು ಮುಷ್ತಾಕರ ಕತೆಗಳನ್ನು ದೀಪಾ ಭಾಸ್ತಿ ಅಡಿಟಿಪ್ಪಣಿಯೇ ಇಲ್ಲದೆ ಇಂಗ್ಲಿಷಿಗೆ ತಂದರಲ್ಲ, 2025ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ ಅಂತ. ನಿಜ. ಆದರೆ ಕತೆಯಲ್ಲಿ ಪದದ ಅರ್ಥವನ್ನು ಸುತ್ತಲಿನ ಬದುಕೇ ಹೇಳುತ್ತದೆ. ಒಂದು ಹಾಳೆಯಲ್ಲಿ ಆ ಅನುಕೂಲ ಇಲ್ಲ.

ಇನ್ನು ಉಳಿದಿರುವುದು ‘ಮಡಿಲು ತುಂಬುವುದು’. ‘ಗಿಫ್ಟ್’ ಅಂತ ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ, ಯಾವಾಗ, ಏನೇನು ಹಾಕಿ ತುಂಬುತ್ತಾರೆ ಅಂತ ಅಮ್ಮನನ್ನು ಕೇಳಿ ಬರೆ. ಬುಧವಾರದವರೆಗೆ ಇಲ್ಲೇ ಇರುತ್ತೇನೆ.

ನಿನ್ನ ತಂಗಿ